ಉಪನ್ಯಾಸಕ ಹುದ್ದೆಗೆ ಅರ್ಜಿ ಇಮೇಲ್: ಸಂಶೋಧನೆ ಮತ್ತು ಪ್ರಕಟಣೆಗಳನ್ನು ಚಿಕ್ಕದಾಗಿ ಹೇಳುವುದು ಹೇಗೆ

ದಾವಣಗೆರೆಯ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹುದ್ದೆ ಖಾಲಿಯಾದಾಗ ಬರುವ ಅರ್ಜಿ ಇಮೇಲ್‌ಗಳನ್ನು ಪ್ರಾಂಶುಪಾಲರು ನಮ್ಮ ವಿಭಾಗಕ್ಕೆ ಕಳಿಸುತ್ತಾರೆ. ಓದುತ್ತಾ ಹೋದರೆ ತಪ್ಪುಗಳು ಹೊಸವಲ್ಲ, ಹಳೆಯವೇ. ಕೆಲವರು ಮಹಾಪ್ರಬಂಧದ ಸಾರಾಂಶವನ್ನೇ ಇಮೇಲ್‌ಗೆ ಅಂಟಿಸಿರುತ್ತಾರೆ. ಕೆಲವರು "ಬಯೋಡಾಟಾ ಲಗತ್ತಿಸಿದೆ" ಅಂತ ಒಂದೇ ಸಾಲು ಬರೆದು ಮುಗಿಸಿರುತ್ತಾರೆ. ಇನ್ನು ಕೆಲವರ ಪ್ರಕಟಣೆ ಪಟ್ಟಿಯಲ್ಲಿ ಭಾನುವಾರದ ಪುರವಣಿಯ ಬರಹ, ವಿಚಾರ ಸಂಕಿರಣದ ಪ್ರಮಾಣಪತ್ರ, ಸಂಶೋಧನಾ ಲೇಖನ ಎಲ್ಲ ಒಂದೇ ಬುಟ್ಟಿಯಲ್ಲಿರುತ್ತವೆ.

ಇದಕ್ಕೆಲ್ಲ ಮೂಲ ಒಂದೇ. ಎಲ್ಲರೂ ಇಮೇಲನ್ನು ಮೊದಲ ಸಾಲಿನಿಂದ ಬರೆಯಲು ಕೂರುತ್ತಾರೆ. ಮೊದಲು ಪ್ರಕಟಣೆಗಳನ್ನು ವಿಂಗಡಿಸಬೇಕು. ಆಮೇಲೆ ಆ ಪ್ರಕಟಣೆಗಳು ಹೊರುವಷ್ಟೇ ಸಂಶೋಧನಾ ಆಸಕ್ತಿ ಬರೆಯಬೇಕು. ಇಮೇಲ್ ಕೊನೆಗೆ. ಇಲ್ಲಿ ಅದೇ ಕ್ರಮದಲ್ಲಿ ಹೋಗೋಣ.

ಉದಾಹರಣೆಗೆ ಒಬ್ಬ ಅಭ್ಯರ್ಥಿಯನ್ನು ಕಲ್ಪಿಸಿಕೊಂಡಿದ್ದೇನೆ. ಚಳ್ಳಕೆರೆ ಕಡೆಯ ಹುಡುಗಿ. ಕಾಡುಗೊಲ್ಲರ ಜುಂಜಪ್ಪನ ಕಾವ್ಯದ ಮೇಲೆ ಕನ್ನಡದಲ್ಲಿ ಪಿಎಚ್‌ಡಿ. ದಾವಣಗೆರೆಯ ಖಾಸಗಿ ಕಾಲೇಜಿನ ಕನ್ನಡ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕುತ್ತಿದ್ದಾಳೆ. ಅವಳ ಲೇಖನ, ಅಂಕಿ, ಫಲಿತ ಎಲ್ಲವೂ ಮಾದರಿಗಾಗಿ ಮಾಡಿಕೊಂಡವು.

## ಬೇಕಾದ ಸಾಮಾನು

ಎಲ್ಲ ಲೇಖನಗಳ ಮೂಲ ಪ್ರತಿ, ಅಂದರೆ ಪತ್ರಿಕೆಯ ಮುಖಪುಟ, ಪರಿವಿಡಿ ಮತ್ತು ನಿಮ್ಮ ಲೇಖನದ ಮೊದಲ ಪುಟ. ಪಿಎಚ್‌ಡಿ ಅಧಿಸೂಚನೆ. ಕೆ-ಸೆಟ್ ಅಥವಾ ನೆಟ್ ಪ್ರಮಾಣಪತ್ರ. ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಕಂಪ್ಯೂಟರ್ ಅಥವಾ ಫೋನ್. ಜೊತೆಗೆ ನಿಮ್ಮದೇ ಹೆಸರಿನ ಇಮೇಲ್ ಐಡಿ. ಕೊನೆಯದನ್ನು ಯಾಕೆ ಹೇಳಿದೆ ಅಂದರೆ, ಸೈಬರ್ ಸೆಂಟರ್‌ನವರ ಐಡಿಯಿಂದ ಅರ್ಜಿ ಕಳಿಸುವವರು ಈಗಲೂ ಇದ್ದಾರೆ. ಸಂದರ್ಶನದ ಕರೆ ಹೋಗುವುದು ಆ ಅಂಗಡಿಗೆ.

## ಹಂತ 1: ಈ ಹುದ್ದೆಗೆ ಇಮೇಲ್ ನಡೆಯುತ್ತದೆಯೇ ನೋಡಿ

ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ ಹುದ್ದೆಗೆ ಇಲಾಖೆಯ ಆನ್‌ಲೈನ್ ಅರ್ಜಿಯೇ ದಾರಿ. ಅಲ್ಲಿನ ಪ್ರಾಂಶುಪಾಲರಿಗೆ ಇಮೇಲ್ ಕಳಿಸಿದರೆ ಅವರು ಏನೂ ಮಾಡುವ ಹಾಗಿಲ್ಲ. ಈ ಬರಹ ಖಾಸಗಿ ಕಾಲೇಜುಗಳಿಗೆ, ಮತ್ತು ಜಾಹೀರಾತಿನಲ್ಲಿ ಇಮೇಲ್ ವಿಳಾಸ ಕೊಟ್ಟಿರುವ ಅನುದಾನಿತ ಕಾಲೇಜುಗಳಿಗೆ.

ಜಾಹೀರಾತನ್ನು ಎರಡು ಸಲ ಓದಿ ಮೂರು ವಿಷಯ ಗುರುತು ಹಾಕಿಕೊಳ್ಳಿ: ಹುದ್ದೆಯ ಸರಿಯಾದ ಹೆಸರು, ಜಾಹೀರಾತಿನ ದಿನಾಂಕ, ಕೊನೆಯ ದಿನ. ಹಾಗೆಯೇ ಆ ಕಾಲೇಜಿನಲ್ಲಿ ಯಾವ ಕೋರ್ಸುಗಳಿವೆ ನೋಡಿ. ಬಿಎ ಐಚ್ಛಿಕ ಕನ್ನಡ ಇದೆಯೋ, ಬರೀ ಬಿಕಾಂ, ಬಿಸಿಎಗೆ ಭಾಷಾ ಕನ್ನಡ ಇದೆಯೋ? ನಾಲ್ಕನೇ ಹಂತಕ್ಕೆ ಇದು ಬೇಕು.

## ಹಂತ 2: ಪ್ರಕಟಣೆಗಳನ್ನು ವಿಂಗಡಿಸಿ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಒಂದು ಹಾಳೆ ತೆಗೆದುಕೊಂಡು, ನೀವು ಈವರೆಗೆ "ಪ್ರಕಟಣೆ" ಎಂದು ಕರೆದುಕೊಂಡ ಎಲ್ಲವನ್ನೂ ಬರೆಯಿರಿ. ನಮ್ಮ ಹುಡುಗಿಯ ಹಾಳೆಯಲ್ಲಿ 11 ಸಾಲುಗಳಾದವು. ಸಂಶೋಧನಾ ಪತ್ರಿಕೆಗಳಲ್ಲಿ 3 ಲೇಖನ, ಪುಸ್ತಕಗಳಲ್ಲಿ 2 ಲೇಖನ, ದಿನಪತ್ರಿಕೆಗಳ ಪುರವಣಿಯಲ್ಲಿ 4 ಬರಹ, ಸಂಕಿರಣದಲ್ಲಿ ಓದಿದ ಪ್ರಬಂಧ 1, ಇನ್ನೂ ಅಚ್ಚಾಗದ ಲೇಖನ 1.

ಈಗ ಒಂದೊಂದನ್ನೂ ಮೂಲ ಪ್ರತಿ ಎದುರಿಗಿಟ್ಟುಕೊಂಡು ಪರೀಕ್ಷಿಸಿ. ನೆನಪಿನಿಂದ ಬೇಡ.

ಮೊದಲು ಐಎಸ್‌ಎಸ್‌ಎನ್ ಮತ್ತು ಐಎಸ್‌ಬಿಎನ್ ಬೇರೆ ಮಾಡಿ. ನಿಯತಕಾಲಿಕಕ್ಕೆ ಇರುವುದು ಐಎಸ್‌ಎಸ್‌ಎನ್. ಅದರಲ್ಲಿ 8 ಅಂಕಿಗಳು, ನಾಲ್ಕು ನಾಲ್ಕರ ಎರಡು ಗುಂಪು, ನಡುವೆ ಅಡ್ಡಗೆರೆ. ಕೊನೆಯಲ್ಲಿ ಅಂಕಿಯ ಬದಲು X ಇದ್ದರೂ ಇರಬಹುದು. ಪುಸ್ತಕಕ್ಕೆ ಇರುವುದು ಐಎಸ್‌ಬಿಎನ್. ಈಗಿನ ಪುಸ್ತಕಗಳಲ್ಲಿ 13 ಅಂಕಿ, ಶುರುವಾಗುವುದು 978 ಅಥವಾ 979ರಿಂದ. "ಐಎಸ್‌ಎಸ್‌ಎನ್ 978..." ಎಂದು ಬರೆದ ಅರ್ಜಿ ಬಂದರೆ, ಲೇಖನ ಪತ್ರಿಕೆಯಲ್ಲಿ ಬಂದದ್ದಲ್ಲ, ಸಂಕಿರಣದ ಲೇಖನ ಸಂಗ್ರಹದಲ್ಲಿ ಬಂದದ್ದು ಅಂತ ನಮಗೆ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ಅಭ್ಯರ್ಥಿ ಬೇಕಂತಲೇ ಮಾಡಿರಲಿಕ್ಕಿಲ್ಲ. ಆದರೆ ಓದುವವರು ಹಾಗೆ ಅಂದುಕೊಳ್ಳುವುದಿಲ್ಲವಲ್ಲ. ಅನುಮಾನವಿದ್ದರೆ ಐಎಸ್‌ಎಸ್‌ಎನ್ ಸಂಖ್ಯೆಯನ್ನು `portal.issn.org` ನಲ್ಲಿ ಹಾಕಿ ನೋಡಿ. ಪತ್ರಿಕೆಯ ಹೆಸರು ಹೊಂದಬೇಕು. ಬೇರೆ ಪತ್ರಿಕೆಯ ಹೆಸರು ಬಂದರೆ ಅದು ಅಪಾಯದ ಗುರುತು. ಒಂದು ಎಚ್ಚರಿಕೆ: ಐಎಸ್‌ಎಸ್‌ಎನ್ ಅಂದರೆ ಬರೀ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ.

ಆಮೇಲೆ ಪತ್ರಿಕೆ ಎಂಥದ್ದು ಅಂತ ಕೇಳಿಕೊಳ್ಳಿ. ನಮ್ಮ ಹುಡುಗಿಯ ಮೂರು ಲೇಖನಗಳಲ್ಲಿ ಒಂದನ್ನು ದುಡ್ಡು ಕಟ್ಟಿದ ನಾಲ್ಕೇ ದಿನಕ್ಕೆ ಅಚ್ಚು ಮಾಡಿದ್ದರು. ಯಾರೂ ತಿದ್ದುಪಡಿ ಹೇಳಿರಲಿಲ್ಲ. ಆ ಸಂಚಿಕೆಯಲ್ಲಿ ಕನ್ನಡ, ವಾಣಿಜ್ಯ, ಪ್ರಾಣಿಶಾಸ್ತ್ರ, ಯೋಗ ಎಲ್ಲವೂ ಒಟ್ಟಿಗೇ ಇದ್ದವು. ಇಂಥದ್ದನ್ನು ಇಮೇಲ್‌ನಿಂದ ಬಿಟ್ಟುಬಿಡಿ. ಸಂದರ್ಶನದಲ್ಲಿ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಯುಜಿಸಿ ಕೇರ್ ಪಟ್ಟಿಯ ವಿಚಾರದಲ್ಲಿ ಈಗ ಹೊಸ ಗೊಂದಲ ಇದೆ. ಆ ಪಟ್ಟಿಯನ್ನು ನಿಲ್ಲಿಸಿರುವುದಾಗಿ ಯುಜಿಸಿ 2025ರ ಫೆಬ್ರವರಿಯಲ್ಲಿ ತಿಳಿಸಿತು. ಹಾಗಾಗಿ "ಯುಜಿಸಿ ಕೇರ್ ಪತ್ರಿಕೆ" ಎಂದು ಈಗಿನ ಮಾತಿನಂತೆ ಬರೆಯಬೇಡಿ. "ಪ್ರಕಟವಾದಾಗ ಯುಜಿಸಿ ಕೇರ್ ಪಟ್ಟಿಯಲ್ಲಿತ್ತು" ಎಂದು ಬರೆಯಿರಿ. ಅದೂ ನಿಮ್ಮ ಲೇಖನ ಬಂದ ವರ್ಷ ನಿಜವಾಗಿಯೂ ಇದ್ದರೆ ಮಾತ್ರ.

ಇನ್ನು ಸ್ಥಿತಿ. "ಪ್ರಕಟವಾಗಿದೆ" ಅಂದರೆ ಪುಟ ಸಂಖ್ಯೆ ಇದೆ. "ಪ್ರಕಟಣೆಗೆ ಒಪ್ಪಿದ್ದಾರೆ" ಅಂದರೆ ಸಂಪಾದಕರ ಪತ್ರ ನಿಮ್ಮ ಕೈಯಲ್ಲಿದೆ. "ಪರಿಶೀಲನೆಯಲ್ಲಿದೆ" ಅಂದರೆ ಕಳಿಸಿದ್ದೀರಿ, ಅಷ್ಟೇ. ಮೂರನೆಯದು ಇಮೇಲ್‌ಗೆ ಬೇಡ. ಹುಡುಗಿಯ ಅಚ್ಚಾಗದ ಲೇಖನಕ್ಕೆ ಒಪ್ಪಿಗೆ ಪತ್ರ ಇರಲಿಲ್ಲ, ಹೊರಗೆ ಹೋಯಿತು.

ಪುಸ್ತಕದ ಎರಡು ಲೇಖನಗಳಲ್ಲಿ ಒಂದು ಅಭಿನಂದನಾ ಗ್ರಂಥದ್ದು. ನಮ್ಮಲ್ಲಿ ಅಭಿನಂದನಾ ಗ್ರಂಥಗಳಿಗೇನು ಬರವಿಲ್ಲ. ಅವುಗಳಲ್ಲಿ ಒಳ್ಳೆಯ ಸಂಶೋಧನೆಯೂ ಇರುತ್ತದೆ, ಹೊಗಳಿಕೆಯೂ ಇರುತ್ತದೆ. ನಿಮ್ಮ ಲೇಖನ ವ್ಯಕ್ತಿಯ ಬಗ್ಗೆ ಇದ್ದರೆ ಬಿಡಿ. ವಿಷಯದ ಬಗ್ಗೆ ಇದ್ದು, ಅಡಿಟಿಪ್ಪಣಿ ಇದ್ದು, ಪುಸ್ತಕಕ್ಕೆ ಐಎಸ್‌ಬಿಎನ್ ಇದ್ದರೆ ಇಟ್ಟುಕೊಳ್ಳಿ. ಅವಳದ್ದು ವ್ಯಕ್ತಿಯ ಬಗ್ಗೆ ಇತ್ತು.

ಸಂಕಿರಣದ ಪ್ರಬಂಧ ಅಚ್ಚಾಗಿರಲಿಲ್ಲ, ಅದೂ ಹೋಯಿತು. ಪುರವಣಿ ಬರಹಗಳನ್ನು ಸುಮ್ನೆ ಎಸೆಯಬೇಕಿಲ್ಲ. ಒಂದು ಸಾಲಿಗೆ ಅವು ಬೇಕಾಗುತ್ತವೆ.

## ಹಂತ 3: ಮೂರನ್ನು ಆರಿಸಿ

ಮೂರೇ ಯಾಕೆ? 2018ರ ಯುಜಿಸಿ ನಿಯಮಾವಳಿಯಲ್ಲಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಎಂದು ಅಂಕ ಹಾಕಲು 3ಬಿ ಎಂಬ ಕೋಷ್ಟಕವಿದೆ. ಅದರಲ್ಲಿ ಒಂದು ಸಂಶೋಧನಾ ಪ್ರಕಟಣೆಗೆ 2 ಅಂಕ, ಒಟ್ಟು ಹೆಚ್ಚೆಂದರೆ 6. ನಾಲ್ಕನೇ ಲೇಖನಕ್ಕೆ ಅಲ್ಲಿ ಅಂಕವೇ ಇಲ್ಲ. ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2ರಂತೆ 10ರವರೆಗೆ ಸಿಗುತ್ತದೆ. ಖಾಸಗಿ ಆಡಳಿತ ಮಂಡಳಿಯವರು ಈ ಕೋಷ್ಟಕವನ್ನೇ ಹಿಡಿದು ಕೂರುತ್ತಾರೆ ಅಂತಲ್ಲ. ಆದರೆ ಪಟ್ಟಿ ನೋಡುವ ಅಧ್ಯಾಪಕರಿಗೆ ಇದು ಗೊತ್ತಿರುತ್ತದೆ. 15 ಸಾಲಿನ ಪಟ್ಟಿ ಕಂಡರೆ ಅವರು ಮೆಚ್ಚುವುದಕ್ಕಿಂತ ಸಂಶಯಪಡುವುದೇ ಜಾಸ್ತಿ.

ಪೂರ್ತಿ ಪಟ್ಟಿ ಬಯೋಡಾಟಾದಲ್ಲಿರಲಿ, ಅಲ್ಲೂ ಬಗೆಬಗೆಯಾಗಿ ಬೇರ್ಪಡಿಸಿ. ಇಮೇಲ್‌ನಲ್ಲಿ ಮಾತ್ರ ಮೂರು. ಮೂರು ಇಲ್ಲವೇ? ಎರಡು ಬರೆಯಿರಿ. ಹುಡುಗಿಗೆ ಉಳಿದದ್ದು ಎರಡು ಪತ್ರಿಕಾ ಲೇಖನ, ಒಂದು ಪುಸ್ತಕದ ಅಧ್ಯಾಯ. ಬೇರೆಯವರ ಜೊತೆ ಸೇರಿ ಬರೆದ ಲೇಖನವಾದರೆ ಅದನ್ನೂ ಹೇಳಿ. ಮಾರ್ಗದರ್ಶಕರ ಹೆಸರು ಮೊದಲಿದ್ದರೆ ಅದೇ ಕ್ರಮದಲ್ಲಿ ಬರೆಯಬೇಕು, ಅದಲು ಬದಲು ಮಾಡುವಂತಿಲ್ಲ.

## ಹಂತ 4: ಸಂಶೋಧನಾ ಆಸಕ್ತಿ, ನಾಲ್ಕು ವಾಕ್ಯ

ಸಾಮಾನ್ಯವಾಗಿ ನಮಗೆ ಬರುವುದು ಹೀಗಿರುತ್ತದೆ:

> "ನನ್ನ ಸಂಶೋಧನಾ ಆಸಕ್ತಿಗಳು: ಜಾನಪದ, ಹಳಗನ್ನಡ ಸಾಹಿತ್ಯ, ವಚನ ಸಾಹಿತ್ಯ, ಸ್ತ್ರೀವಾದ, ದಲಿತ ಸಾಹಿತ್ಯ, ಭಾಷಾವಿಜ್ಞಾನ, ಶಾಸನಗಳು, ಅನುವಾದ."

ಇದು ಎಂಎ ತರಗತಿಯ ಪತ್ರಿಕೆಗಳ ಪಟ್ಟಿಯಂತಿದೆ. ಎಂಟು ಆಸಕ್ತಿಗಳಿಗೆ ಲೇಖನಗಳಿರುವುದು ಒಂದಕ್ಕೆ. ಉಳಿದ ಏಳರ ಬಗ್ಗೆ ಸಂದರ್ಶನದಲ್ಲಿ ಒಂದೊಂದು ಪ್ರಶ್ನೆ ಕೇಳಿದರೂ ಕಷ್ಟ, ಅಲ್ವಾ?

ಇದರ ಬದಲು ನಾಲ್ಕು ವಾಕ್ಯ ಬರೆಯಿರಿ. ಮೊದಲನೆಯದು, ನಿಮ್ಮ ಸಂಶೋಧನೆಯ ಪ್ರಶ್ನೆ. ವಿಷಯವಲ್ಲ, ಪ್ರಶ್ನೆ. "ಜುಂಜಪ್ಪನ ಕಾವ್ಯ: ಒಂದು ಅಧ್ಯಯನ" ಎಂಬುದು ವಿಷಯ. "ಹಾಡುವ ಸಂದರ್ಭ ಬದಲಾದರೆ ಜುಂಜಪ್ಪನ ಕಾವ್ಯ ಹೇಗೆ ಬದಲಾಗುತ್ತದೆ" ಎಂಬುದು ಪ್ರಶ್ನೆ. ಎರಡನೆಯದು, ಯಾವ ಆಕರ ಇಟ್ಟುಕೊಂಡು ಹೇಗೆ ಕೆಲಸ ಮಾಡಿದಿರಿ. ಕ್ಷೇತ್ರಕಾರ್ಯವಾದರೆ ಎಲ್ಲಿ, ಎಷ್ಟು ಎಂಬುದು ಬರಲಿ. ಮೂರನೆಯದು, ಏನು ಕಂಡಿರಿ. ಇಲ್ಲಿ ಬಹಳಷ್ಟು ಜನ "ಅನೇಕ ಹೊಸ ಹೊಳಹುಗಳನ್ನು ನೀಡಿದೆ" ಎಂದು ಬರೆದು ನುಣುಚಿಕೊಳ್ಳುತ್ತಾರೆ. ಒಂದೇ ಒಂದು ಹೊಳಹನ್ನು ಹೇಳಿ ಸಾಕು. ನಾಲ್ಕನೆಯದು, ಮುಂದೇನು, ಅದೂ ಈ ಕಾಲೇಜಿನಲ್ಲಿದ್ದುಕೊಂಡು ಮಾಡಬಹುದಾದದ್ದು.

ಹುಡುಗಿಯ ಮೊದಲ ಕರಡಿನಲ್ಲಿ ನಾಲ್ಕನೇ ವಾಕ್ಯ ಹೀಗಿತ್ತು: "ಮುಂದೆ ಕರ್ನಾಟಕದ ಸಮಸ್ತ ಪಶುಪಾಲಕ ಸಮುದಾಯಗಳ ಮೌಖಿಕ ಕಾವ್ಯಗಳ ತೌಲನಿಕ ಅಧ್ಯಯನ ಕೈಗೊಳ್ಳಬೇಕೆಂದಿದ್ದೇನೆ." ವಾರಕ್ಕೆ ಹದಿನಾರೋ ಹದಿನೆಂಟೋ ತಾಸು ಪಾಠ ಮಾಡುವವರಿಗೆ ಇದು ಆಗದ ಮಾತು. ಓದುವವರಿಗೂ ಗೊತ್ತು. ತಿದ್ದಿದ ಮೇಲೆ ವಿದ್ಯಾರ್ಥಿಗಳು ತಮ್ಮ ಊರಿನ ಹಾಡುಗಾರರನ್ನು ಧ್ವನಿಮುದ್ರಿಸುವ ಕೆಲಸವಾಯಿತು. ದಾವಣಗೆರೆಯ ಕಾಲೇಜುಗಳಿಗೆ ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಮಕ್ಕಳು ಬರುತ್ತಾರೆ. ಹಾಗಾಗಿ ಇದು ನಡೆಯುವ ಕೆಲಸ.

ಈಗ ಅಡ್ಡ ಪರೀಕ್ಷೆ. ನಾಲ್ಕೂ ವಾಕ್ಯಗಳನ್ನು ಓದಿ, ಮೂರು ಪ್ರಕಟಣೆಗಳನ್ನು ಪಕ್ಕದಲ್ಲಿಟ್ಟು ನೋಡಿ. ಮೊದಲ ಮೂರು ವಾಕ್ಯಗಳಿಗೆ ಕನಿಷ್ಠ ಒಂದು ಲೇಖನವಾದರೂ ಸಾಕ್ಷಿ ಹೇಳಬೇಕು. ಹೇಳದಿದ್ದರೆ ವಾಕ್ಯ ಬದಲಿಸಿ.

## ಹಂತ 5: ಇಮೇಲ್ ಬರೆಯಿರಿ

ಕಾಗದದ ಅರ್ಜಿಯಲ್ಲಿರುವ "ಇಂದ", "ಇವರಿಗೆ", ಎರಡೂ ಕಡೆಯ ಪೂರ್ತಿ ವಿಳಾಸ ಇಮೇಲ್‌ಗೆ ಬೇಡ. ಫೋನಿನಲ್ಲಿ ತೆರೆದರೆ ಮೊದಲ ಪರದೆ ಅದರಲ್ಲೇ ಮುಗಿಯುತ್ತದೆ. ವಿಷಯದ ಸಾಲನ್ನು ಖಾಲಿ ಬಿಡಬೇಡಿ. ಅಲ್ಲಿ ಹುದ್ದೆ, ನಿಮ್ಮ ಹೆಸರು, ಅರ್ಹತೆ ಮೂರೂ ಬರಲಿ.

ಹುಡುಗಿಯ ಇಮೇಲ್ ಕೊನೆಗೆ ಹೀಗಾಯಿತು. ಆವರಣದಲ್ಲಿರುವ ಕಡೆ ನಿಮ್ಮ ವಿವರ ತುಂಬಿಕೊಳ್ಳಿ.

> ವಿಷಯ: ಕನ್ನಡ ಉಪನ್ಯಾಸಕ ಹುದ್ದೆಗೆ ಅರ್ಜಿ – (ಹೆಸರು), ಎಂಎ, ಪಿಎಚ್‌ಡಿ, ಕೆ-ಸೆಟ್
>
> ಪ್ರಾಂಶುಪಾಲರಿಗೆ ನಮಸ್ಕಾರಗಳು.
>
> ಮಾನ್ಯರೆ,
>
> (ದಿನಾಂಕ)ದ (ಪತ್ರಿಕೆ)ಯಲ್ಲಿ ಬಂದ ತಮ್ಮ ಜಾಹೀರಾತು ನೋಡಿ ಕನ್ನಡ ಉಪನ್ಯಾಸಕ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಕನ್ನಡ ಎಂಎಯಲ್ಲಿ (ಶೇಕಡಾ) ಅಂಕ ಪಡೆದಿದ್ದೇನೆ. (ವರ್ಷ)ರಲ್ಲಿ ಕೆ-ಸೆಟ್ ತೇರ್ಗಡೆಯಾಗಿದ್ದೇನೆ. ಪಿಎಚ್‌ಡಿ ಅಧಿಸೂಚನೆ (ದಿನಾಂಕ)ರಂದು ಆಗಿದೆ. ಎರಡು ವರ್ಷ ಬಿಕಾಂ ಮತ್ತು ಬಿಎ ತರಗತಿಗಳಿಗೆ ಭಾಷಾ ಕನ್ನಡ ಪಾಠ ಮಾಡಿದ್ದೇನೆ.
>
> ಹಾಡುವ ಸಂದರ್ಭ ಬದಲಾದಾಗ ಕಾಡುಗೊಲ್ಲರ ಜುಂಜಪ್ಪನ ಕಾವ್ಯ ಹೇಗೆ ಬದಲಾಗುತ್ತದೆ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ಇದಕ್ಕಾಗಿ ಚಳ್ಳಕೆರೆ, ಹಿರಿಯೂರು ತಾಲ್ಲೂಕುಗಳ ಆರು ಹಟ್ಟಿಗಳಲ್ಲಿ ಗಣೆ ನುಡಿಸಿ ಹಾಡುವವರನ್ನು ಧ್ವನಿಮುದ್ರಿಸಿ, ಒಂದೇ ಪ್ರಸಂಗದ ಪಾಠಗಳನ್ನು ಹೋಲಿಸಿದ್ದೇನೆ. ವೇದಿಕೆಯ ಮೇಲೆ ಹಾಡುವಾಗ ಕಥೆ ಉಳಿದು, ದನಗಳ ಬಣ್ಣನೆಯ ಭಾಗಗಳು ಮೊದಲು ಕಳಚಿಕೊಳ್ಳುವುದು ಕಂಡಿತು. ಮುಂದೆ ಬಿಎ ವಿದ್ಯಾರ್ಥಿಗಳೊಂದಿಗೆ ಅವರವರ ಊರಿನ ಹಾಡುಗಾರರನ್ನು ದಾಖಲಿಸುವ ಕೆಲಸ ಮಾಡಬೇಕೆಂದಿದ್ದೇನೆ.
>
> ಆಯ್ದ ಪ್ರಕಟಣೆಗಳು:
> 1. "ಗಣೆ ಮತ್ತು ಕಥನ", (ಪತ್ರಿಕೆ), ಸಂಪುಟ 12, ಸಂಚಿಕೆ 3, 2022, ಪುಟ 41–52, ಐಎಸ್‌ಎಸ್‌ಎನ್ (ಸಂಖ್ಯೆ). ಪ್ರಕಟವಾದಾಗ ಯುಜಿಸಿ ಕೇರ್ ಪಟ್ಟಿಯಲ್ಲಿತ್ತು.
> 2. "ಹಟ್ಟಿಯ ಹಾಡು, ವೇದಿಕೆಯ ಹಾಡು", (ಪತ್ರಿಕೆ), ಸಂಪುಟ 5, ಸಂಚಿಕೆ 1, 2023, ಪುಟ 18–29, ಐಎಸ್‌ಎಸ್‌ಎನ್ (ಸಂಖ್ಯೆ). (ಮಾರ್ಗದರ್ಶಕರ ಹೆಸರು) ಅವರೊಂದಿಗೆ.
> 3. "ಮೌಖಿಕ ಪಾಠದ ಸಂಪಾದನೆ", (ಪುಸ್ತಕ), ಸಂ: (ಹೆಸರು), (ಪ್ರಕಾಶನ), 2021, ಪುಟ 77–90, ಐಎಸ್‌ಬಿಎನ್ (ಸಂಖ್ಯೆ).
>
> ಇದೇ ಕ್ಷೇತ್ರಕಾರ್ಯದ ಬಗ್ಗೆ ದಿನಪತ್ರಿಕೆಗಳ ಪುರವಣಿಗಳಲ್ಲಿ ನಾಲ್ಕು ಬರಹಗಳು ಬಂದಿವೆ. ಪೂರ್ತಿ ಪಟ್ಟಿ ಬಯೋಡಾಟಾದಲ್ಲಿದೆ. ಲೇಖನಗಳ ಪ್ರತಿಗಳನ್ನು ಕೇಳಿದಾಗ ಒದಗಿಸುತ್ತೇನೆ.
>
> ತಮ್ಮ ವಿಶ್ವಾಸಿ,
> (ಹೆಸರು, ಮೊಬೈಲ್ ಸಂಖ್ಯೆ, ಊರು)

ಗಮನಿಸಿ, ಪಾಠದ ಅನುಭವ ಸಂಶೋಧನೆಗಿಂತ ಮೊದಲು ಬಂದಿದೆ. ಕಾಲೇಜಿಗೆ ಮೊದಲು ಬೇಕಿರುವುದು ಬಿಕಾಂ ಮಕ್ಕಳನ್ನು ಕೂರಿಸಿ ಭಾಷಾ ಪಠ್ಯ ಮುಗಿಸುವವರು. ಸಂಶೋಧನೆ ಅದರ ಮೇಲೆ ತೂಕ ಹೆಚ್ಚಿಸುವುದು. ಮೊದಲ ಹಂತದಲ್ಲಿ ಐಚ್ಛಿಕ ಕನ್ನಡ ಇಲ್ಲ ಅಂತ ಗೊತ್ತಾಗಿದ್ದರೆ "ಬಿಎ ವಿದ್ಯಾರ್ಥಿಗಳೊಂದಿಗೆ" ಎಂಬ ಮಾತನ್ನೂ ತೆಗೆದು "ವಿದ್ಯಾರ್ಥಿಗಳೊಂದಿಗೆ" ಎಂದಷ್ಟೇ ಬರೆಯಬೇಕು.

ಪಿಎಚ್‌ಡಿಯ ಮಾತು ಬಂದಲ್ಲಿ ಜಾಗ್ರತೆ. ಮಹಾಪ್ರಬಂಧ ಸಲ್ಲಿಸುವುದು ಬೇರೆ, ಮೌಖಿಕ ಪರೀಕ್ಷೆ ಆಗುವುದು ಬೇರೆ, ಅಧಿಸೂಚನೆ ಬರುವುದು ಬೇರೆ. ಸಲ್ಲಿಸಿ ಕಾಯುತ್ತಿರುವವರು "ಮಹಾಪ್ರಬಂಧ ಸಲ್ಲಿಸಿದ್ದೇನೆ" ಎಂದೇ ಬರೆಯಿರಿ, ಹೆಸರಿನ ಹಿಂದೆ ಡಾ. ಹಾಕಿಕೊಳ್ಳಬೇಡಿ. ಪ್ರಬಂಧ ಶೋಧಗಂಗಾದಲ್ಲಿ ಏರಿದ್ದರೆ ಆ ಕೊಂಡಿಯನ್ನು ಬಯೋಡಾಟಾದಲ್ಲಿ ಕೊಡಿ.

## ಹಂತ 6: ಅಕ್ಷರ ಒಡೆಯದಂತೆ ನೋಡಿ

ಇದು ಕನ್ನಡದಲ್ಲಿ ಬರೆಯುವವರಿಗೆ ಇರುವ ತಾಪತ್ರಯ. ಮಹಾಪ್ರಬಂಧವನ್ನು ಹಳೆಯ ನುಡಿ ಫಾಂಟಿನಲ್ಲಿ ಡಿಟಿಪಿ ಮಾಡಿಸಿರುತ್ತೀರಿ. ಅಲ್ಲಿಂದ ನಕಲು ಮಾಡಿ ಇಮೇಲ್‌ಗೆ ಅಂಟಿಸಿದರೆ "ಕನ್ನಡ" ಎಂಬ ಪದ ಆ ಕಡೆ ಹೀಗೆ ಕಾಣುತ್ತದೆ:

```
PÀ£ÀßqÀ
```

ನಾನೇ ಒಮ್ಮೆ ಹೀಗೆ ಕಳಿಸಿದ್ದೆ. ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ಎರಡು ಪುಟ ಇಂಥದ್ದೇ ಅಕ್ಷರ ಹೋಗಿತ್ತು. ಉತ್ತರ ಬರಲಿಲ್ಲ. ಯಾಕೆ ಅಂತ ತಿಳಿದದ್ದು ತಿಂಗಳುಗಳಾದ ಮೇಲೆ, ಗೆಳೆಯನ ಫೋನಿನಲ್ಲಿ ಅದೇ ಇಮೇಲ್ ತೆರೆದಾಗ.

ಹಳೆಯ ಕಡತದಿಂದ ತೆಗೆದುಕೊಳ್ಳಲೇಬೇಕಾದರೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಆಮೇಲೆ ಕಣ್ಣಿಟ್ಟು ಓದಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಪರಿವರ್ತಕಗಳು ತಪ್ಪುತ್ತವೆ. ನಾಲ್ಕು ವಾಕ್ಯ, ಮೂರು ಪ್ರಕಟಣೆ ಅಂದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ ಆಗುತ್ತದೆ. ಬಯೋಡಾಟಾ ಯಾವ ಫಾಂಟಿನಲ್ಲೇ ಇರಲಿ, ವರ್ಡ್ ಕಡತ ಕಳಿಸಬೇಡಿ. ಪಿಡಿಎಫ್ ಮಾಡಿ. ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ, ಉದಾಹರಣೆಗೆ `Kannada_Lecturer_CV_Name.pdf`. ಅಲ್ಲಿ `Name` ಇರುವ ಕಡೆ ನಿಮ್ಮ ಹೆಸರು. `Document1.pdf` ಎಂಬ ಹೆಸರಿನ ಹತ್ತು ಕಡತ ಒಂದೇ ದಿನ ಬಂದರೆ ಯಾವುದು ಯಾರದ್ದು ಎಂದು ಹುಡುಕುವವರಿಲ್ಲ.

ಬಯೋಡಾಟಾ, ಅರ್ಹತೆಯ ದಾಖಲೆಗಳು, ಹೀಗೆ ಎರಡು ಪಿಡಿಎಫ್ ಸಾಕು. ದಾಖಲೆಗಳನ್ನು ಒಂದೊಂದೇ ಫೋಟೋ ಆಗಿ ಲಗತ್ತಿಸಬೇಡಿ. ಜಿಮೇಲ್‌ನಲ್ಲಿ ಲಗತ್ತುಗಳ ಮಿತಿ ಒಟ್ಟು 25 ಎಂಬಿ. ಆದರೆ ನೀವು 5 ಎಂಬಿ ಒಳಗೇ ಮುಗಿಸಿ.

## ಹಂತ 7: ಕಳಿಸುವ ಮುಂಚೆ ಮತ್ತು ಕಳಿಸಿದ ಮೇಲೆ

ಮೊದಲು ನಿಮಗೇ ಕಳಿಸಿಕೊಳ್ಳಿ. ಬೇರೆಯವರ ಫೋನಿನಲ್ಲಿ ತೆರೆದು ಓದಿ, ಲಗತ್ತುಗಳನ್ನೂ ತೆರೆಯಿರಿ. ಬೇರೆ ಕಾಲೇಜಿಗೆ ಬರೆದದ್ದನ್ನು ತಿದ್ದಿ ಕಳಿಸುವವರು ಜಾಹೀರಾತಿನ ದಿನಾಂಕ ಮತ್ತು ಕಾಲೇಜಿನ ಹೆಸರನ್ನು ಇನ್ನೊಮ್ಮೆ ನೋಡಲೇಬೇಕು. ಒಂದೇ ಇಮೇಲನ್ನು ಚಿತ್ರದುರ್ಗ, ದಾವಣಗೆರೆಯ ಎಂಟು ಕಾಲೇಜುಗಳ ವಿಳಾಸ ಒಟ್ಟಿಗೆ ಹಾಕಿ ಕಳಿಸಿದ್ದು ನಮ್ಮಲ್ಲಿಗೂ ಬಂದಿದೆ. ಅದನ್ನು ಯಾರೂ ತಮ್ಮ ಕಾಲೇಜಿಗೆ ಬಂದ ಅರ್ಜಿ ಅಂದುಕೊಳ್ಳುವುದಿಲ್ಲ.

ಮೂರು ನಾಲ್ಕು ದಿನ ಕಳೆದು ಕಾಲೇಜಿನ ಕಚೇರಿಗೆ ಫೋನ್ ಮಾಡಿ, ಅರ್ಜಿ ತಲುಪಿದೆಯೇ ಎಂದು ಮಾತ್ರ ಕೇಳಿ. "ಸಿಕ್ಕಿಲ್ಲ" ಅಂದರೆ ಸ್ಪ್ಯಾಮ್‌ಗೆ ಹೋಗಿರಬಹುದು. ಅದೇ ಇಮೇಲನ್ನು ಮತ್ತೆ ಕಳಿಸಿ. ಹತ್ತಿರದವರಾದರೆ ಒಂದು ಮುದ್ರಿತ ಪ್ರತಿಯನ್ನು ಕಚೇರಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.

ಸಂದರ್ಶನಕ್ಕೆ ಕರೆದರೆ ಇಮೇಲ್‌ನಲ್ಲಿ ಬರೆದ ಮೂರು ಪ್ರಕಟಣೆಗಳ ಮೂಲ ಸಂಚಿಕೆಗಳನ್ನು ಅದೇ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಮುಖಪುಟ, ಪರಿವಿಡಿ, ನಿಮ್ಮ ಲೇಖನ ಇರುವ ಕಡೆ ಚೀಟಿ ಇಟ್ಟಿರಿ. ಸಮಿತಿಯವರು ಒಂದನ್ನು ಕೈಗೆತ್ತಿಕೊಂಡು, "ದನಗಳ ಬಣ್ಣನೆಯೇ ಯಾಕೆ ಮೊದಲು ಹೋಗುತ್ತದೆ, ಹೇಳಮ್ಮ" ಅಂತ ಕೇಳುವುದು ಆ ಪುಟ ತೆರೆದುಕೊಂಡೇ.